ಐದು ಅಗ್ರಿಮೆಂಟು, ನಾಲ್ಕೇ ಆರ್ಬಿಟ್ರೇಷನ್ ಷರತ್ತು: ಸೀಟ್, ರೂಲ್ಸ್, ಆರ್ಬಿಟ್ರೇಟರ್ ಸಂಖ್ಯೆ, ಕಾನೂನು ಪಟ್ಟಿ ಮಾಡುವ ಬಗೆ

ಬಳ್ಳಾರಿಯಲ್ಲಿ ಟಿಪ್ಪರ್ ಇಟ್ಟುಕೊಂಡು ಸಂಡೂರು ಕಡೆಯಿಂದ ಅದಿರು ಸಾಗಿಸುವ ಒಬ್ಬರು ಒಂದು ಪ್ಲಾಸ್ಟಿಕ್ ಕವರ್ ತುಂಬಾ ಅಗ್ರಿಮೆಂಟು ತಂದು ನನ್ನ ಟೇಬಲ್ ಮೇಲೆ ಇಟ್ಟರು. "ಎಲ್ಲಾ ಒಂದೇ ಥರಾ ಅದಾವ್ರಿ ಮೇಡಂ. ಜಗಳ ಆದ್ರೆ ಆರ್ಬಿಟ್ರೇಷನ್ ಅಂತ ಬರ್ದಾರೆ" ಅಂದರು. ಓದಿ ನೋಡಿದರೆ ಒಂದೂ ಇನ್ನೊಂದರ ಥರ ಇರಲಿಲ್ಲ. ಒಂದರಲ್ಲಂತೂ ಆರ್ಬಿಟ್ರೇಷನ್ ಅನ್ನೋ ಪದ ಇತ್ತೇ ಹೊರತು ಆರ್ಬಿಟ್ರೇಷನ್ ಇರಲಿಲ್ಲ.

ಅವತ್ತಿನ ಐದು ಅಗ್ರಿಮೆಂಟನ್ನೇ ಇಟ್ಟುಕೊಂಡು, ಯಾವುದರ ಆರ್ಬಿಟ್ರೇಷನ್ ಷರತ್ತಿನಲ್ಲಿ ಏನಿದೆ ಅನ್ನೋ ಪಟ್ಟಿಯನ್ನು ಹೇಗೆ ಮಾಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ವಕೀಲರ ಕಚೇರಿಗೆ ಹೊಸದಾಗಿ ಸೇರಿದವರಿಗೆ, ಕಂಪನಿಗಳಲ್ಲಿ ಕಾಂಟ್ರಾಕ್ಟ್ ಫೈಲ್ ನೋಡಿಕೊಳ್ಳುವವರಿಗೆ ಇದು ಬೇಕಾಗುತ್ತದೆ. ಒಂದು ಮಾತು ಮೊದಲೇ ಹೇಳುತ್ತೇನೆ. ಕನ್ನಡದಲ್ಲಿ 'ಮಧ್ಯಸ್ಥಿಕೆ' ಅನ್ನೋ ಪದವನ್ನು ಮೀಡಿಯೇಷನ್‌ಗೂ ಬಳಸುತ್ತಾರೆ, ಆರ್ಬಿಟ್ರೇಷನ್‌ಗೂ ಬಳಸುತ್ತಾರೆ. ಎರಡೂ ಬೇರೆ. ಮೀಡಿಯೇಷನ್‌ನಲ್ಲಿ ನಡುವೆ ಕೂತವರು ರಾಜಿ ಮಾಡಿಸುತ್ತಾರೆ. ಆರ್ಬಿಟ್ರೇಷನ್‌ನಲ್ಲಿ ನಡುವೆ ಕೂತವರು ತೀರ್ಪನ್ನೇ ಕೊಡುತ್ತಾರೆ. ಅದಕ್ಕೇ ಪಟ್ಟಿಯಲ್ಲಿ 'ಮಧ್ಯಸ್ಥಿಕೆ' ಅಂತ ಬರೆಯಬೇಡಿ, 'ಆರ್ಬಿಟ್ರೇಷನ್' ಅಂತಲೇ ಬರೆಯಿರಿ.

ಮೊದಲು ಕಾಗದ ಪೂರ್ತಿ ಇದೆಯಾ ನೋಡಿ

ಪಟ್ಟಿ ತಪ್ಪಾಗುವುದು ಓದುವಾಗಲ್ಲ, ಓದೋಕೆ ಮುಂಚೆನೇ. ಕವರಿನಲ್ಲಿದ್ದ ಎರಡನೇ ಕಾಗದ ಕೊಪ್ಪಳ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಪರ್ಚೇಸ್ ಆರ್ಡರ್. ಎರಡೇ ಪುಟ. ರೇಟು, ಟನ್ನು, ಅವಧಿ ಬಿಟ್ಟರೆ ಏನೂ ಇಲ್ಲ. ಆದರೆ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ "ಉಳಿದ ಷರತ್ತುಗಳು ನಮ್ಮ ಸ್ಟ್ಯಾಂಡರ್ಡ್ ಜನರಲ್ ಕಂಡೀಷನ್ಸ್ ಪ್ರಕಾರ" ಅಂತ ಇತ್ತು. ಆ ಜನರಲ್ ಕಂಡೀಷನ್ಸ್ ಅವರ ಹತ್ತಿರ ಇರಲೇ ಇಲ್ಲ. ಕಾರ್ಖಾನೆಯಿಂದ ತರಿಸಿಕೊಂಡ ಮೇಲೆ ಅದರಲ್ಲಿ ಆರ್ಬಿಟ್ರೇಷನ್ ಷರತ್ತು ಸಿಕ್ಕಿತು. ಸೀಟ್, ಅಂದರೆ ಆರ್ಬಿಟ್ರೇಷನ್ ಕಾನೂನಿನ ಪ್ರಕಾರ ಯಾವ ಊರಿಗೆ ಸೇರಿದ್ದು ಅನ್ನೋದು, ಹೈದರಾಬಾದ್ ಅಂತ ಇತ್ತು.

ಹೀಗೆ ಬೇರೆ ಕಾಗದದ ಕಡೆ ಬೆರಳು ತೋರಿಸಿದ ಷರತ್ತು ನಮಗೆ ಅಂಟುತ್ತದಾ? 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 7(5) ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಸುಮ್ನೆ ಇನ್ನೊಂದು ಅಗ್ರಿಮೆಂಟಿನ ಹೆಸರು ಹೇಳಿದರೆ ಸಾಲದು, ಅದರ ಆರ್ಬಿಟ್ರೇಷನ್ ಷರತ್ತನ್ನೂ ಒಳಗೆ ತರುವ ಉದ್ದೇಶ ಕಾಣಬೇಕು ಅಂತ ಸುಪ್ರೀಂ ಕೋರ್ಟ್ 2009ರ ಎಂ.ಆರ್. ಎಂಜಿನಿಯರ್ಸ್ ಕೇಸಿನಲ್ಲಿ ಹೇಳಿತು. ಒಂದು ಕಡೆಯವರ ಸ್ಟ್ಯಾಂಡರ್ಡ್ ಫಾರಂ ಆಗಿದ್ದರೆ ಸಾಮಾನ್ಯ ಉಲ್ಲೇಖವೂ ನಡೆಯುತ್ತದೆ ಅಂತ 2018ರ ಐನಾಕ್ಸ್ ವಿಂಡ್ ಕೇಸಿನಲ್ಲಿ ಬಂತು. ನಮ್ಮ ಪರ್ಚೇಸ್ ಆರ್ಡರ್ ಈ ಎರಡನೇ ಬಗೆಯದ್ದು. ಹಾಗಾಗಿ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟೆ. ಆದರೆ ಮೂಲ ಯಾವುದು ಅನ್ನೋ ಕಾಲಂನಲ್ಲಿ 'ಪರ್ಚೇಸ್ ಆರ್ಡರ್ ಅಲ್ಲ, ಜನರಲ್ ಕಂಡೀಷನ್ಸ್' ಅಂತ ಸ್ಪಷ್ಟವಾಗಿ ಬರೆದೆ. ಯಾವ ವರ್ಷದ ಆವೃತ್ತಿ ಅನ್ನೋದನ್ನೂ ಬರೆದೆ. ಕಂಪನಿಗಳು ಜನರಲ್ ಕಂಡೀಷನ್ಸ್ ಬದಲಿಸುತ್ತಾ ಇರುತ್ತವೆ. ಆರ್ಡರ್ ಕೊಟ್ಟ ದಿನ ಯಾವುದು ಚಾಲ್ತಿಯಲ್ಲಿತ್ತೋ ಅದು ನಮಗೆ ಬೇಕು, ಈಗ ಮೇಲ್ ಮಾಡಿದ್ದು ಅಲ್ಲ.

ಹಾಗೇ ತಿದ್ದುಪಡಿ ಪತ್ರ, ರಿನ್ಯೂವಲ್ ಪತ್ರ, ಅನೆಕ್ಷರ್ ಎಲ್ಲವನ್ನೂ ಕೇಳಿ ತರಿಸಿಕೊಳ್ಳಿ. ದರ ಬದಲಿಸಲು ಬರೆದ ಒಂದು ಪುಟದ ಪತ್ರದಲ್ಲೇ ಸೀಟನ್ನೂ ಬದಲಿಸಿಬಿಟ್ಟಿರುತ್ತಾರೆ.

ಷರತ್ತು ಹುಡುಕುವುದು

ಪಿಡಿಎಫ್ ಇದ್ದರೆ ಹುಡುಕು ಬಾಕ್ಸಿನಲ್ಲಿ ಈ ಪದಗಳನ್ನು ಒಂದೊಂದಾಗಿ ಹಾಕಿ:

```
arbitra
seat
venue
jurisdiction
governing law
umpire
```

ಮೊದಲನೆಯದನ್ನು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿದ್ದೇನೆ. ಪೂರ್ತಿ 'ಆರ್ಬಿಟ್ರೇಷನ್' ಅಂತ ಹಾಕಿದರೆ 'ಆರ್ಬಿಟ್ರೇಟರ್', 'ಆರ್ಬಿಟ್ರಲ್' ಅಂತ ಬರೆದ ಸಾಲುಗಳು ತಪ್ಪಿಹೋಗುತ್ತವೆ.

ಏನೂ ಸಿಗದಿದ್ದರೆ 'ಇಲ್ಲ' ಅಂತ ಬರೆಯಲು ಆತುರ ಬೇಡ. `the` ಅಂತ ಹಾಕಿ ನೋಡಿ. ಅದೂ ಸಿಗದಿದ್ದರೆ ಅದು ಸ್ಕ್ಯಾನ್ ಮಾಡಿದ ಫೋಟೋ ಅಷ್ಟೇ, ಕಂಪ್ಯೂಟರ್‌ಗೆ ಅದರಲ್ಲಿ ಅಕ್ಷರ ಕಾಣುತ್ತಿಲ್ಲ. ಆಗ ಕಣ್ಣಿನಿಂದಲೇ ಓದಬೇಕು. ನಮ್ಮ ಕಡೆ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುವುದು ಜಾಸ್ತಿ. ಅದಕ್ಕೇ ಈ ಪರೀಕ್ಷೆ ಪ್ರತಿ ಫೈಲಿಗೂ ಮಾಡಿ.

ಆರ್ಬಿಟ್ರೇಷನ್ ಷರತ್ತು ಸಿಕ್ಕ ತಕ್ಷಣ ನಿಲ್ಲಿಸಬೇಡಿ. ಕಾನೂನು ಯಾವುದು ಅನ್ನೋದು ಸಾಮಾನ್ಯವಾಗಿ ಬೇರೆ ಷರತ್ತಿನಲ್ಲಿರುತ್ತದೆ. ಯಾವ ಊರಿನ ಕೋರ್ಟು ಅನ್ನೋದು ಇನ್ನೊಂದರಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಜಗಳ ಎಲ್ಲಿದೆ ಅಂತ ಕಾಣುತ್ತದೆ.

ಇದು ನಿಜವಾಗಲೂ ಆರ್ಬಿಟ್ರೇಷನ್ ಷರತ್ತಾ?

ಕವರಿನಲ್ಲಿದ್ದ ಐದನೆಯದು, ನಮ್ಮ ಟಿಪ್ಪರ್ ಮಾಲೀಕರು ಬೇರೆ ಲಾರಿಯವರಿಂದ ಗಾಡಿ ಬಾಡಿಗೆಗೆ ತಗೊಂಡ ಕರಾರು. ಅದರಲ್ಲಿ "ತಕರಾರು ಬಂದರೆ, ಎರಡೂ ಕಡೆಯವರು ಒಪ್ಪಿದಲ್ಲಿ, ಆರ್ಬಿಟ್ರೇಷನ್‌ಗೆ ಒಪ್ಪಿಸಬಹುದು" ಅಂತ ಇತ್ತು. ಮೂಲದಲ್ಲಿದ್ದ ಪದ 'ಮೇ', 'ಷಲ್' ಅಲ್ಲ. ಮುಂದೆ ಜಗಳ ಆದಾಗ ಮತ್ತೆ ಒಪ್ಪಬೇಕು ಅಂದರೆ, ಇವತ್ತು ಒಪ್ಪಿದ್ದು ಏನೂ ಇಲ್ಲ ಅಂತಾಯ್ತು ಅಲ್ವಾ? ಇಂಥದ್ದು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಜಗದೀಶ್ ಚಂದರ್ ಕೇಸಿನಲ್ಲಿ ಹೇಳಿದೆ. ಹಾಗಂತ ಈ ಸಾಲನ್ನು ಪಟ್ಟಿಯಿಂದ ತೆಗೆಯಬೇಡಿ. ಸೀಟ್, ರೂಲ್ಸ್ ಕಾಲಂಗಳನ್ನು ಖಾಲಿ ಬಿಟ್ಟು, 'ಕಡ್ಡಾಯ ಅಲ್ಲ, ಮತ್ತೆ ಒಪ್ಪಿಗೆ ಬೇಕು' ಅಂತ ಬರೆಯಿರಿ. ಖಾಲಿ ಕಾಲಂ ನೋಡಿದವರಿಗೆ ಯಾಕೆ ಖಾಲಿ ಅಂತ ಗೊತ್ತಾಗಬೇಕು.

ಪಟ್ಟಿಯ ಆಕಾರ: ಒಂದು ಪ್ರಶ್ನೆಗೆ ಎರಡು ಕಾಲಂ

ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಸೀಟ್, ರೂಲ್ಸ್, ಸಂಖ್ಯೆ, ಕಾನೂನು ಅಂತ ನಾಲ್ಕು ಕಾಲಂ ಹಾಕಿ ತುಂಬಿದರೆ ಪಟ್ಟಿ ಅಂದವಾಗಿ ಕಾಣುತ್ತದೆ. ಆದರೆ ಅದರಲ್ಲಿ ಕಾಗದ ಹೇಳಿದ್ದು ಎಷ್ಟು, ನೀವು ಅರ್ಥ ಮಾಡಿಕೊಂಡಿದ್ದು ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಪ್ರತಿಯೊಂದಕ್ಕೂ ಎರಡು ಕಾಲಂ ಹಾಕಿ. ಒಂದರಲ್ಲಿ ಅಗ್ರಿಮೆಂಟಿನ ಪದಗಳನ್ನು ಇದ್ದಂತೆ, ಕಾಗುಣಿತ ತಪ್ಪಿದ್ದರೆ ಅದರ ಸಮೇತ ಇಳಿಸಿ. ಪುಟ ಮತ್ತು ಷರತ್ತಿನ ನಂಬರ್ ಜೊತೆಗಿರಲಿ. ಇನ್ನೊಂದರಲ್ಲಿ ನಿಮ್ಮ ಓದು. ಪಕ್ಕದಲ್ಲೇ ಒಂದು ಗುರುತು: ಸ್ಪಷ್ಟ, ಕಾನೂನಿನಿಂದ ತುಂಬಿದ್ದು, ಅಥವಾ ಗೊಂದಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ವೃತ್ತಿಯ ಶುರುವಿನಲ್ಲಿ ಒಂದು ಕಂಪನಿಯ ಅಗ್ರಿಮೆಂಟುಗಳಿಗೆ ಪಟ್ಟಿ ಮಾಡಿದ್ದೆ. ಒಂದರಲ್ಲಿ 'ಬೆಂಗಳೂರಿನ ಕೋರ್ಟುಗಳಿಗೆ ಮಾತ್ರ ಅಧಿಕಾರ' ಅಂತ ನೋಡಿ ಸೀಟ್ ಕಾಲಂನಲ್ಲಿ 'ಬೆಂಗಳೂರು' ಅಂತ ಬರೆದುಬಿಟ್ಟೆ. ಅನೆಕ್ಷರ್‌ನಲ್ಲಿ 'ಸೀಟ್ ಬಳ್ಳಾರಿ' ಅಂತ ಇದ್ದಿದ್ದು ನೋಡಿರಲಿಲ್ಲ. ಮುಂದೆ ಆರ್ಬಿಟ್ರೇಷನ್ ತೀರ್ಪು ಬಂದಾಗ, ನನ್ನ ಪಟ್ಟಿಯನ್ನೇ ನಂಬಿ ಅದರ ವಿರುದ್ಧದ ಅರ್ಜಿಯನ್ನು ಬೆಂಗಳೂರಿನಲ್ಲಿ ಹಾಕಿದರು. ಅರ್ಜಿ ವಾಪಸ್ ಬಂತು. ಸೆಕ್ಷನ್ 34ರಲ್ಲಿ ಇರುವುದೇ ಮೂರು ತಿಂಗಳು, ಕಾರಣ ತೋರಿಸಿದರೆ ಮೇಲೆ 30 ದಿನ, ಅದರಾಚೆ ಒಂದು ದಿನವೂ ಇಲ್ಲ. ತಪ್ಪು ಕೋರ್ಟಿನಲ್ಲಿ ಕಳೆದ ಸಮಯವನ್ನು ಬಿಟ್ಟು ಲೆಕ್ಕ ಹಾಕಲು ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 14 ಇದ್ದಿದ್ದರಿಂದ ಕೇಸು ಉಳಿಯಿತು. ಆ ಒಂದು ಪದಕ್ಕಾಗಿ ಕಕ್ಷಿದಾರರು ತಿಂಗಳುಗಟ್ಟಲೆ ಅಲೆದಿದ್ದನ್ನು ನಾನು ಮರೆತಿಲ್ಲ.

ಸೀಟ್

ಸೀಟ್ ಅಂದರೆ ಕುರ್ಚಿ ಹಾಕಿ ಕೂರುವ ಜಾಗ ಅಲ್ಲ. ಆ ಆರ್ಬಿಟ್ರೇಷನ್ ಕಾನೂನಿನ ಕಣ್ಣಲ್ಲಿ ಯಾವ ಊರಿಗೆ ಸೇರಿದ್ದು, ಯಾವ ಊರಿನ ಕೋರ್ಟು ಅದರ ಮೇಲೆ ಕಣ್ಣಿಡುತ್ತದೆ ಅನ್ನೋದು. ಕೂರುವ ಜಾಗಕ್ಕೆ ವೆನ್ಯೂ ಅನ್ನುತ್ತಾರೆ. ಸೀಟ್ ಬಳ್ಳಾರಿ ಆಗಿದ್ದು, ಸಾಕ್ಷಿಗಳಿಗೆ ಅನುಕೂಲ ಅಂತ ಹೊಸಪೇಟೆಯ ಹೋಟೆಲ್ ಒಂದರಲ್ಲಿ ಕೂತು ವಿಚಾರಣೆ ನಡೆಸಬಹುದು. ಸೆಕ್ಷನ್ 20(3) ಅದಕ್ಕೆ ಅವಕಾಶ ಕೊಡುತ್ತದೆ. ಹಾಗಂತ ಸೀಟ್ ಹೊಸಪೇಟೆಗೆ ಹೋಗಲ್ಲ.

ತೊಂದರೆ ಏನಂದರೆ ಕಾಯ್ದೆಯಲ್ಲಿ ಸೀಟ್ ಅನ್ನೋ ಪದವೇ ಇಲ್ಲ, 'ಪ್ಲೇಸ್' ಅಂತ ಇದೆ. ಅಗ್ರಿಮೆಂಟು ಬರೆಯುವವರು ಸೀಟ್, ಪ್ಲೇಸ್, ವೆನ್ಯೂ ಅಂತ ಬಾಯಿಗೆ ಬಂದದ್ದು ಬರೆಯುತ್ತಾರೆ. ಇದನ್ನು ಓದುವುದಕ್ಕೆ ಎರಡು ತೀರ್ಪು ಕೈಯಲ್ಲಿರಲಿ. ಸೀಟ್ ಗೊತ್ತು ಮಾಡಿದರೆ ಆ ಊರಿನ ಕೋರ್ಟಿಗೆ ಮಾತ್ರ ಅಧಿಕಾರ, ವ್ಯವಹಾರ ಅಲ್ಲಿ ನಡೆಯದೇ ಇದ್ದರೂ ಸರಿ ಅಂತ 2017ರ ಇಂಡಸ್ ಮೊಬೈಲ್ ತೀರ್ಪು ಹೇಳಿತು. 'ವೆನ್ಯೂ' ಅಂತ ಒಂದೇ ಊರು ಹೇಳಿದ್ದು, ಪೂರ್ತಿ ಆರ್ಬಿಟ್ರೇಷನ್ ಅಲ್ಲೇ ನಡೆಯಬೇಕು ಅನ್ನೋ ಅರ್ಥ ಬರುತ್ತಿದ್ದು, ಅದಕ್ಕೆ ಎದುರಾಗುವ ಸೂಚನೆ ಬೇರೆಲ್ಲೂ ಇಲ್ಲದಿದ್ದರೆ, ಆ ವೆನ್ಯೂನೇ ಸೀಟ್ ಅಂತ 2019ರ ಕೊನೆಯಲ್ಲಿ ಬಿಜಿಎಸ್ ಎಸ್‌ಜಿಎಸ್ ಸೋಮ ಕೇಸಿನಲ್ಲಿ ಬಂತು.

ಈಗ ಕವರಿನ ಮೊದಲ ಅಗ್ರಿಮೆಂಟು, ಅದಿರು ಸಾಗಣೆಯದ್ದು. 18ನೇ ಷರತ್ತು: "ಆರ್ಬಿಟ್ರೇಷನ್ ಬಳ್ಳಾರಿಯಲ್ಲಿ ನಡೆಯತಕ್ಕದ್ದು." 22ನೇ ಷರತ್ತು: "ಬೆಂಗಳೂರಿನ ಕೋರ್ಟುಗಳಿಗೆ ಮಾತ್ರ ಅಧಿಕಾರ." ಸೀಟ್ ಯಾವುದು? ಬಳ್ಳಾರಿ ಅನ್ನುವವರು, 22ನೇ ಷರತ್ತು ಆರ್ಬಿಟ್ರೇಷನ್ ಹೊರಗಿನ ಕೋರ್ಟು ಕೆಲಸಕ್ಕೆ ಮಾತ್ರ ಅನ್ನುತ್ತಾರೆ. ಬೆಂಗಳೂರು ಅನ್ನುವವರು, 22ನೇ ಷರತ್ತೇ ಆ 'ಎದುರಾಗುವ ಸೂಚನೆ', ಬಳ್ಳಾರಿ ಬರೀ ವೆನ್ಯೂ ಅನ್ನುತ್ತಾರೆ. ಹೈಕೋರ್ಟುಗಳಲ್ಲಿ ಎರಡೂ ಬಗೆಯ ತೀರ್ಪುಗಳಿವೆ. ಪಟ್ಟಿ ಮಾಡುವವರು ಇದನ್ನು ತೀರ್ಮಾನ ಮಾಡಬಾರದು. ನಾನು ಬರೆದದ್ದು ಹೀಗೆ:

ಪದಗಳು: 18 – 'ಬಳ್ಳಾರಿಯಲ್ಲಿ ನಡೆಯತಕ್ಕದ್ದು', 22 – 'ಬೆಂಗಳೂರಿನ ಕೋರ್ಟುಗಳಿಗೆ ಮಾತ್ರ'.
ನಮ್ಮ ಓದು: ಬಳ್ಳಾರಿ ಇರಬಹುದು, 22ರಿಂದ ಬೆಂಗಳೂರು ಅಂತ ವಾದ ಬರಬಹುದು.
ಗುರುತು: ಗೊಂದಲ. ನೋಟಿಸ್ ಕೊಡುವ ಮುಂಚೆ ಹಿರಿಯರಿಗೆ ತೋರಿಸುವುದು.

ಇದೇನು ಅಷ್ಟು ದೊಡ್ಡ ವಿಷಯಾನಾ ಅಂತ ಕೇಳಬಹುದು. ಎದುರು ಕಡೆಯವರು ಆರ್ಬಿಟ್ರೇಟರ್ ನೇಮಿಸಲು ಒಪ್ಪದಿದ್ದರೆ ಸೆಕ್ಷನ್ 11ರ ಅರ್ಜಿ ಹೈಕೋರ್ಟಿಗೆ ಹೋಗುತ್ತದೆ. ಸೀಟ್ ಬಳ್ಳಾರಿ ಅಥವಾ ಕೊಪ್ಪಳ ಆದರೆ ಧಾರವಾಡ ಪೀಠ. ರಾಯಚೂರು ಆದರೆ ಕಲಬುರಗಿ ಪೀಠ. ಬೆಂಗಳೂರು ಆದರೆ ಪ್ರಧಾನ ಪೀಠ. ಸ್ಪಾಂಜ್ ಐರನ್ ಆರ್ಡರಿನಂತೆ ಹೈದರಾಬಾದ್ ಆದರೆ ತೆಲಂಗಾಣ ಹೈಕೋರ್ಟ್. ಒಬ್ಬರೇ ಮಾಲೀಕರು, ಅವೇ ಟಿಪ್ಪರುಗಳು, ಅಗ್ರಿಮೆಂಟಿನ ಒಂದು ಪದದ ಮೇಲೆ ರೈಲು ಹತ್ತುವ ದಿಕ್ಕೇ ಬೇರೆಯಾಗುತ್ತದೆ.

ರೂಲ್ಸ್

ಇಲ್ಲಿ ಬರೆಯಬೇಕಾದದ್ದು ಒಂದು ಸಂಸ್ಥೆಯ ನಿಯಮಾವಳಿ ಇದೆಯಾ ಇಲ್ವಾ ಅನ್ನೋದು. "1996ರ ಕಾಯ್ದೆ ಪ್ರಕಾರ" ಅಂತ ಮಾತ್ರ ಇದ್ದರೆ ಸಂಸ್ಥೆ ಇಲ್ಲ, ಅದು ಅಡ್‌ಹಾಕ್. ಕಾಯ್ದೆಯ ಹೆಸರನ್ನು ರೂಲ್ಸ್ ಕಾಲಂನಲ್ಲಿ ತುಂಬಿ ಸುಮ್ಮನಾಗುವುದು ತುಂಬಾ ಕಾಣುವ ತಪ್ಪು. 'ಅಡ್‌ಹಾಕ್, ಕಾಯ್ದೆ 1996' ಅಂತ ಬರೆಯಿರಿ. ಹಳೇ ಮಾದರಿ ನೋಡಿ ಟೈಪ್ ಮಾಡಿದ ಕರಾರುಗಳಲ್ಲಿ ಇನ್ನೂ, ಈಗ ರದ್ದಾಗಿರುವ 1940ರ ಕಾಯ್ದೆಯ ಹೆಸರೇ ಇರುತ್ತದೆ. ಅದನ್ನು ತಿದ್ದಬೇಡಿ, ಇದ್ದಂತೆ ಬರೆದು ಓದಿನ ಕಾಲಂನಲ್ಲಿ ಗಮನಕ್ಕೆ ತನ್ನಿ.

ಸಂಸ್ಥೆಯ ಹೆಸರಿದ್ದರೆ ಹೆಸರು ಸರಿಯಾಗಿದೆಯಾ ನೋಡಿ. 'ಬೆಂಗಳೂರು ಆರ್ಬಿಟ್ರೇಷನ್ ಸೆಂಟರ್' ಅಂತ ಅಂದಾಜಿನ ಮೇಲೆ ಬರೆದಿದ್ದರೆ, ಅದು ಹೈಕೋರ್ಟಿನ ಆಶ್ರಯದಲ್ಲಿರುವ ಕರ್ನಾಟಕದ ಆರ್ಬಿಟ್ರೇಷನ್ ಕೇಂದ್ರವೇ ಅಂತ ನೀವೇ ತೀರ್ಮಾನಿಸಬೇಡಿ. ಗೊಂದಲ ಅಂತ ಗುರುತು ಹಾಕಿ.

ಎಷ್ಟು ಜನ, ಮತ್ತು ಯಾರು ನೇಮಿಸುತ್ತಾರೆ

ಸಂಖ್ಯೆ ಹೇಳಿಲ್ಲ ಅಂದರೆ ಸೆಕ್ಷನ್ 10ರ ಪ್ರಕಾರ ಒಬ್ಬರು. ಆದರೆ 'ಒಬ್ಬರು' ಅಂತ ಪದಗಳ ಕಾಲಂನಲ್ಲಿ ಬರೆಯಬಾರದು. ಅಲ್ಲಿ 'ಹೇಳಿಲ್ಲ', ಓದಿನ ಕಾಲಂನಲ್ಲಿ 'ಒಬ್ಬರು – ಕಾನೂನಿನಿಂದ ತುಂಬಿದ್ದು'. ಸಂಖ್ಯೆ ಸಮ ಇರಬಾರದು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. 'ಎರಡೂ ಕಡೆಯವರು ಒಬ್ಬೊಬ್ಬರನ್ನು ನೇಮಿಸುವುದು, ಅವರು ಅಂಪೈರ್ ಒಬ್ಬರನ್ನು ಆರಿಸುವುದು' ಅಂತ ಹಳೇ ಕರಾರುಗಳಲ್ಲಿ ಇರುತ್ತದೆ. ಅದನ್ನು ಸುಮ್ನೆ 'ಮೂರು' ಅಂತ ಬದಲಿಸದೆ 'ಎರಡು + ಅಂಪೈರ್' ಅಂತಲೇ ಇಳಿಸಿ.

ಸಂಖ್ಯೆಯ ಪಕ್ಕದಲ್ಲೇ ನೇಮಿಸುವವರು ಯಾರು ಅನ್ನೋ ಕಾಲಂ ಬೇಕೇ ಬೇಕು. ಕವರಿನ ಮೂರನೆಯದು ಟಿಪ್ಪರ್ ಸಾಲದ ಅಗ್ರಿಮೆಂಟು. ಸೀಟ್ ಚೆನ್ನೈ, ಒಬ್ಬರೇ ಆರ್ಬಿಟ್ರೇಟರ್, ಅವರನ್ನು ಸಾಲ ಕೊಟ್ಟ ಕಂಪನಿಯೇ ನೇಮಿಸುತ್ತದೆ. ಬರೀ 'ಒಬ್ಬರು' ಅಂತ ಬರೆದಿದ್ದರೆ ಈ ಅಗ್ರಿಮೆಂಟಿನ ಅತಿ ಮುಖ್ಯ ವಿಷಯ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಅಂತ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿದೆ. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಇಂಥ ಏಕಪಕ್ಷೀಯ ನೇಮಕ ಸಲ್ಲದು ಅಂದಿತು. ಜಗಳ ಶುರುವಾದ ಮೇಲೆ ಬರಹದಲ್ಲಿ ಒಪ್ಪಿಕೊಂಡರೆ ಮಾತ್ರ ಬೇರೆ ಮಾತು. ಅದಕ್ಕೇ ಟಿಪ್ಪರ್ ಮಾಲೀಕರಿಗೆ ಒಂದು ಮಾತು ಹೇಳಿದೆ: "ಸಾಲದ ಕಂಪನಿಯಿಂದ ಆರ್ಬಿಟ್ರೇಟರ್ ಹೆಸರಿಟ್ಟು ಪತ್ರ ಬಂದರೆ, ಸಹಿ ಹಾಕೋಕೆ ಮುಂಚೆ ಇಲ್ಲಿಗೆ ಬನ್ನಿ."

ಯಾವ ಕಾನೂನು

ಇಲ್ಲಿ ಮೂರು ಕಾನೂನು ಒಟ್ಟಿಗೆ ಬರುತ್ತವೆ. ಬಾಕಿ ಎಷ್ಟು, ತಪ್ಪು ಯಾರದ್ದು ಅಂತ ತೀರ್ಮಾನಿಸುವ ಕಾನೂನು ಒಂದು. ಆರ್ಬಿಟ್ರೇಷನ್ ಒಪ್ಪಂದ ಸರಿಯಿದೆಯಾ ಅಂತ ನೋಡುವ ಕಾನೂನು ಇನ್ನೊಂದು. ವಿಚಾರಣೆ ಹೇಗೆ ನಡೆಯಬೇಕು ಅನ್ನೋದು ಮೂರನೆಯದು, ಅದು ಸೀಟಿನ ಜೊತೆ ಬರುತ್ತದೆ. ಬಳ್ಳಾರಿಯವರು ಬಳ್ಳಾರಿಯವರ ಜೊತೆ ಮಾಡಿಕೊಂಡ ಕರಾರಿನಲ್ಲಿ ಮೂರೂ ಭಾರತದ್ದೇ. ಸೀಟ್ ಭಾರತದಲ್ಲಿದ್ದು ಎರಡೂ ಕಡೆ ಇಲ್ಲಿಯವರೇ ಆದರೆ ಭಾರತದ ಕಾನೂನಿನ ಪ್ರಕಾರವೇ ತೀರ್ಮಾನ ಆಗಬೇಕು ಅಂತ ಸೆಕ್ಷನ್ 28 ಹೇಳುತ್ತದೆ. ಅಂಥ ಕಡೆ ಒಂದೇ ಕಾಲಂ ಸಾಕು.

ಬೇರೆಯಾಗುವುದು ಗಡಿ ದಾಟಿದಾಗ. ಕವರಿನ ನಾಲ್ಕನೆಯದು ಅವರ ಭಾವಮೈದುನರದ್ದು, ಸಿಂಧನೂರಿನ ರೈಸ್ ಮಿಲ್‌ನಿಂದ ದುಬೈ ಖರೀದಿದಾರರಿಗೆ ಸೋನಾ ಮಸೂರಿ ಕಳಿಸುವ ಕರಾರು. ಅದರಲ್ಲಿ ಕಾನೂನು ಇಂಗ್ಲೆಂಡಿನದ್ದು, ಸೀಟ್ ಸಿಂಗಪುರ, ರೂಲ್ಸ್ ಸಿಂಗಪುರ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ ಸೆಂಟರಿನದ್ದು. ಸಂಖ್ಯೆ ಹೇಳಿಲ್ಲ. ಇಲ್ಲಿ ನಮ್ಮ ಸೆಕ್ಷನ್ 10 ಹಚ್ಚಬೇಡಿ. ಸೀಟ್ ಹೊರಗಿದೆ, ಹಾಗಾಗಿ ಆ ಸಂಸ್ಥೆಯ ರೂಲ್ಸ್ ನೋಡಬೇಕು. ಅಲ್ಲೂ ಸಾಮಾನ್ಯವಾಗಿ ಒಬ್ಬರೇ, ಬೇರೆ ರೀತಿ ತೀರ್ಮಾನಿಸುವ ಅಧಿಕಾರ ಸಂಸ್ಥೆಗೆ ಇದೆ. ಉತ್ತರ ಹೆಚ್ಚುಕಡಿಮೆ ಅದೇ ಬಂದರೂ ಎಲ್ಲಿಂದ ಬಂತು ಅನ್ನೋದು ಬೇರೆ, ಅದನ್ನೂ ಬರೆಯಬೇಕು. ಆರ್ಬಿಟ್ರೇಷನ್ ಒಪ್ಪಂದದ ಕಾನೂನು ಯಾವುದು ಅಂತ ಕರಾರು ಹೇಳಿರಲಿಲ್ಲ. ಆ ಕಾಲಂನಲ್ಲಿ 'ಹೇಳಿಲ್ಲ. ಇಂಗ್ಲೆಂಡ್ ಅಥವಾ ಸಿಂಗಪುರ' ಅಂತ ಬರೆದು ಗೊಂದಲ ಅಂತ ಗುರುತು ಹಾಕಿದೆ. 'ಇಂಗ್ಲೆಂಡಿನ ಕಾನೂನು' ಅಂತ ಇರುವುದನ್ನು ನೋಡಿ ಸೀಟ್ ಲಂಡನ್ ಅಂತ ತುಂಬಿದವರನ್ನೂ ನೋಡಿದ್ದೇನೆ. ಕಾನೂನಿನ ಸಾಲು ಊರನ್ನು ಹೇಳಲ್ಲ.

ಅಡ್ಡಡ್ಡ ಓದಿ, ಆಮೇಲೆ ಉದ್ದುದ್ದ ಓದಿ

ತುಂಬಿದ ಮೇಲೆ ಇನ್ನೊಬ್ಬರ ಕೈಗೆ ಅಗ್ರಿಮೆಂಟು ಕೊಟ್ಟು, ಪಟ್ಟಿ ತೋರಿಸದೆ, ಸೀಟ್ ಕಾಲಂ ಮಾತ್ರ ಮತ್ತೆ ತುಂಬಲು ಹೇಳಿ. ಎರಡು ಉತ್ತರ ಬೇರೆಯಾದ ಸಾಲುಗಳನ್ನು ಕೂತು ಓದಿ. ಎಲ್ಲಾ ಕಾಲಂಗೂ ಹೀಗೆ ಮಾಡಲು ಸಮಯ ಸಿಗಲ್ಲ, ಸೀಟಿಗಾದರೂ ಮಾಡಿ.

ಆಮೇಲೆ ಒಂದೇ ಕೆಲಸಕ್ಕೆ ಸೇರಿದ ಅಗ್ರಿಮೆಂಟುಗಳನ್ನು ಒಂದರ ಕೆಳಗೊಂದು ಇಡಿ. ಮೊದಲನೆಯದು ಕಾರ್ಖಾನೆ ಜೊತೆಗಿನ ಸಾಗಣೆ, ಮೂರು ಜನ ಆರ್ಬಿಟ್ರೇಟರು. ಐದನೆಯದು ಅದೇ ಸಾಗಣೆಗೆ ಬಾಡಿಗೆ ಲಾರಿ, ಆರ್ಬಿಟ್ರೇಷನ್ನೇ ಇಲ್ಲ. ಅದಿರು ಕಡಿಮೆ ಬಂತು ಅಂತ ಕಾರ್ಖಾನೆ ದುಡ್ಡು ಹಿಡಿದರೆ, ಮಾಲೀಕರು ಕಾರ್ಖಾನೆ ವಿರುದ್ಧ ಆರ್ಬಿಟ್ರೇಷನ್‌ಗೆ, ಲಾರಿಯವರ ವಿರುದ್ಧ ಸಿವಿಲ್ ಕೋರ್ಟಿಗೆ, ಹೀಗೆ ಒಂದೇ ಲೋಡಿಗೆ ಎರಡು ಕಡೆ ಓಡಬೇಕು. ಒಂದೊಂದೇ ಅಗ್ರಿಮೆಂಟು ಓದಿದಾಗ ಇದು ಕಾಣಿಸಲ್ಲ.

ಎರಡು ತಿಂಗಳ ನಂತರ ಸಾಗಣೆ ಅಗ್ರಿಮೆಂಟು ರಿನ್ಯೂವಲ್‌ಗೆ ಬಂತು. 18ನೇ ಷರತ್ತಿಗೆ ಒಂದು ಸಾಲು ಸೇರಿಸಲು ಕೇಳಿದೆವು: ಆರ್ಬಿಟ್ರೇಷನ್ ಸೀಟ್ ಬಳ್ಳಾರಿ, ಅನುಕೂಲಕ್ಕೆ ಬೇರೆ ಊರಿನಲ್ಲಿ ಕೂತರೂ ಸೀಟ್ ಬದಲಾಗದು, 22ನೇ ಷರತ್ತು ಇದಕ್ಕೆ ಒಳಪಟ್ಟಿರುತ್ತದೆ. ಕಾರ್ಖಾನೆಯವರು ತಕರಾರಿಲ್ಲದೆ ಒಪ್ಪಿದರು. ಪಟ್ಟಿಯಲ್ಲಿ ಹಳೇ ಸಾಲನ್ನು ಅಳಿಸಲಿಲ್ಲ. ರಿನ್ಯೂವಲ್‌ಗೆ ಮುಂಚಿನ ಲೋಡುಗಳ ಜಗಳ ಬಂದರೆ ಹಳೇ ಷರತ್ತೇ ಬೇಕಾಗಬಹುದು. ಅದರ ಕೆಳಗೆ ಹೊಸ ತಾರೀಖು ಹಾಕಿ ಇನ್ನೊಂದು ಸಾಲು ಬರೆದೆ. ಗುರುತಿನ ಕಾಲಂನಲ್ಲಿ ಈ ಸಲ 'ಸ್ಪಷ್ಟ'.